ಜೋರು ಅಂದರೆ ಏನು?

ನಮಸ್ಕಾರ. ಮುಂಬೈಯಲ್ಲಿ ನಾನು ಕನ್ನಡ, ಮರಾಠಿ ನಡುವೆ ದುಭಾಷಿಯ ಕೆಲಸ ಮಾಡುತ್ತೇನೆ. ಇವತ್ತು ಒಂದೇ ಒಂದು ಪದದ ಕತೆ ಹೇಳುತ್ತೇನೆ. ಆ ಪದ 'ಜೋರು'.

ಮಾಟುಂಗಾದ ಕಿಂಗ್ಸ್ ಸರ್ಕಲ್ ಹತ್ತಿರ ಒಂದು ಬೆಳಿಗ್ಗೆ ಬೈಕೊಂದು ವಯಸ್ಸಾದವರೊಬ್ಬರಿಗೆ ಬಡಿದಿತ್ತು. ಸಾಕ್ಷಿ ಅಂತ ಇದ್ದವನು ಕುಂದಾಪುರದ ಕಡೆಯ ಹುಡುಗ, ಅಲ್ಲೇ ಹೋಟೆಲಿನಲ್ಲಿ ಸಪ್ಲೈಯರ್. ಅವನಿಗೆ ಮರಾಠಿ ಅರ್ಧಂಬರ್ಧ ಬರುತ್ತಿತ್ತು. ಠಾಣೆಯಲ್ಲಿ ಜಬಾಬು ಬರೆಯುವಾಗ ನನ್ನನ್ನು ಕರೆದರು.

ಅವನ ಮೊದಲ ಮಾತು, "ಗಾಡಿ ಜೋರ್ ಬಂತ್ ಸಾರ್."

ನಾನು ಹಿಂದೆಮುಂದೆ ನೋಡದೆ 'ವೇಗವಾಗಿ ಬಂತು' ಅಂತ ಮರಾಠಿಗೆ ತಿರುಗಿಸಿದೆ. ಸಾಹೇಬರು ಹುಡುಗನ ಮುಖ ನೋಡಿ ಕೇಳಿದರು, "ಗಾಡಿ ಭರಧಾವ್ ಆಲೀ ನಾ?" ಅವನು ತಲೆಯಾಡಿಸಿದ. ಖಾಕಿ ತೊಟ್ಟವರು 'ಅಲ್ವಾ?' ಅಂದರೆ ಊರು ಬಿಟ್ಟು ಬಂದ ಹುಡುಗ ಇಲ್ಲ ಅನ್ನುತ್ತಾನಾ? ಹಾಳೆಯ ಮೇಲೆ ಬಂದದ್ದು ಎಲ್ಲ ಅಪಘಾತದ ಕಾಗದಗಳಲ್ಲೂ ಇರುವ ಸಾಲು: ಭರಧಾವ್ ವೇಗ, ಹಯಗಯಿ, ನಿಷ್ಕಾಳಜಿ. ನಮ್ಮ ಕಡೆ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಅಂತ ಬರೆಯುತ್ತಾರಲ್ಲ, ಅದೇ. ಅಜಾಗರೂಕತೆ ಅನ್ನುವುದು ಕಣ್ಣಿಗೆ ಕಾಣುವ ವಸ್ತು ಅಲ್ಲ. ಕಂಡದ್ದನ್ನೆಲ್ಲ ಕೂಡಿಸಿ ಕೋರ್ಟು ಕೊನೆಗೆ ತೀರ್ಮಾನಿಸುವ ಮಾತು ಅದು. ಸಾಕ್ಷಿಯ ಬಾಯಿಗೆ ಅದನ್ನು ಹಾಕಬಾರದು.

ನನಗೆ ಒಳಗೇ ಚುಚ್ಚಿತು. ಸಾಹೇಬರ ಅನುಮತಿ ಕೇಳಿ ಹುಡುಗನ ಕಡೆ ತಿರುಗಿದೆ. "ಜೋರು ಅಂದೆಯಲ್ಲ ಮಗಾ, ಏನದು?"

"ಶಬ್ದ ಸಾರ್. ಸೈಲೆನ್ಸರ್ ಕಿತ್ತ್ ಹೋಯಿತ್ತ್ ಕಾಣತ್ತ್. ತಿರ್ಗಿ ಕಾಂಬತಿಗೆ ಅಜ್ಜ ಬಿದ್ದಿದ್ರ್."

ಅಂದರೆ ಅವನು ಹೇಳಿದ್ದು ವೇಗದ ಮಾತೇ ಅಲ್ಲ, ಸದ್ದಿನ ಮಾತು. ಅದಕ್ಕಿಂತ ದೊಡ್ಡದು, ಬೈಕ್ ಬಡಿದದ್ದನ್ನು ಅವನು ನೋಡೇ ಇರಲಿಲ್ಲ. ನೋಡಿದ್ದು ಆಮೇಲಿನದು. ಮೊದಲ ಹಾಳೆ ಹಾಗೇ ಹೋಗಿದ್ದರೆ ಏನಾಗುತ್ತಿತ್ತು ಗೊತ್ತಾ? ಕೋರ್ಟಿನಲ್ಲಿ ಅವನು ಪ್ರಾಮಾಣಿಕವಾಗಿ 'ನಾನು ನೋಡಿಲ್ಲ' ಅನ್ನುತ್ತಿದ್ದ. ವಕೀಲರು ಹಾಳೆ ತೋರಿಸಿ, ಪೊಲೀಸರಿಗೆ ಒಂದು ಹೇಳಿದೆ, ಇಲ್ಲಿ ಇನ್ನೊಂದು ಹೇಳುತ್ತೀಯಾ ಅಂತ ಹಿಡಿಯುತ್ತಿದ್ದರು. ಬರೆದವರ ತಪ್ಪಿಗೆ ಸುಳ್ಳುಗಾರ ಅನ್ನಿಸಿಕೊಳ್ಳುವವನು ಅವನು.

ಪ್ರಶ್ನೆಯಲ್ಲಿನ ಒಂದು ಪದ ನೆನಪನ್ನೇ ತಿರುಚಬಲ್ಲದು. 1974ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಶ್ಶಾಸ್ತ್ರ ಸಂಶೋಧಕರು ಜನರಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಅಂತ 50 ಜನರನ್ನು ಕೇಳಿದರು. ಇನ್ನು 50 ಜನರಿಗೆ 'ಬಡಿದಾಗ' ಅಂದರು. ವಾರ ಬಿಟ್ಟು, ಒಡೆದ ಗಾಜು ಕಂಡಿತಾ ಅಂತ ಕೇಳಿದರೆ ಮೊದಲ ಗುಂಪಿನ 16 ಜನ ಹೌದು ಅಂದರು, ಎರಡನೆಯ ಗುಂಪಿನ 7 ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಆ ದಿನ ಸಾಹೇಬರು ಬೇಸರಪಡದೆ ಹೊಸ ಹಾಳೆ ತೆಗೆದರು. ಈ ಸಲ ಮೊದಲು ಹುಡುಗನನ್ನು ಸುಮ್ನೆ ಮಾತಾಡಲು ಬಿಟ್ಟೆವು. ನಡುವೆ ಬಾಯಿ ಹಾಕಲಿಲ್ಲ. ಅವನ ಮಾತು ನಿಂತ ಮೇಲೆ ಪ್ರಶ್ನೆ. ನೀನು ಎಲ್ಲಿದ್ದೆ? ಮೊದಲು ಏನು ಗೊತ್ತಾಯಿತು? ಆಮೇಲೆ? 'ಸಿಗ್ನಲ್ ಕೆಂಪಿತ್ತಲ್ವಾ' ಅಂತ ಕೇಳಲಿಲ್ಲ. 'ಸಿಗ್ನಲ್ ನೋಡಿದೆಯಾ' ಅಂದೆವು. ಇಲ್ಲ ಅಂದ. ಆ 'ಇಲ್ಲ'ವನ್ನೂ ಬರೆದೆವು. ಎಷ್ಟೋ ಜನ ಗೊತ್ತಿಲ್ಲ ಅನ್ನುವ ಉತ್ತರವನ್ನು ಬಿಟ್ಟುಬಿಡುತ್ತಾರೆ. ಅದು ಸರಿಯಲ್ಲ. ಸಾಕ್ಷಿಗೆ ಎಷ್ಟು ಗೊತ್ತು ಅನ್ನುವ ಗಡಿ ಇರುವುದೇ ಅಲ್ಲಿ. ತಾನಾಗಿ ಹೇಳದೆ ನಾವು ಕೇಳಿದ್ದಕ್ಕೆ ಹೇಳಿದ ಕಡೆ ಪ್ರಶ್ನೆಯನ್ನೂ ಬರೆಸಿದೆವು. 'ಜೋರು' ಅನ್ನುವ ಪದವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಅವನೇ ಕೊಟ್ಟ ಅರ್ಥ ಬರೆದೆವು.

ಕೊನೆಗೆ ಓದಿ ಹೇಳುವುದು. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮೂ ಹಳೆಯ ಕಾಯ್ದೆಯ ಹಾಗೇ ಇದನ್ನು ಹೇಳುತ್ತದೆ. ಸಹಿ ಇಲ್ಲ ಅಂದಮೇಲೆ, ಬರೆದದ್ದು ತನ್ನ ಮಾತೇ ಹೌದಾ ಅಂತ ನೋಡಲು ಅವನಿಗೆ ಸಿಗುವ ಅವಕಾಶ ಈ ಓದು ಒಂದೇ. ಹಾಗಾಗಿ ನಾನು ಒಂದೊಂದೇ ಸಾಲನ್ನು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ. ಪ್ರತಿ ಸಾಲಿಗೂ 'ಸರಿನಾ?' ಅನ್ನಲಿಲ್ಲ. ಕೇಳಿದರೆ ಮತ್ತೆ ತಲೆಯಾಡಿಸುತ್ತಾನೆ. 'ಇದರಲ್ಲಿ ನೀನು ಹೇಳದೇ ಇದ್ದದ್ದು ಏನಾದರೂ ಇದ್ದರೆ ತಡಿ' ಅಂತ ಶುರುವಿನಲ್ಲೇ ಹೇಳಿದ್ದೆ.

ಏಳನೇ ಸಾಲಿಗೆ ಕೈ ಎತ್ತಿದ. "ಅಜ್ಜ ರಸ್ತೆ ಮಧ್ಯ ಅಲ್ಲ ಸಾರ್. ಡಿವೈಡರ್ ಬದಿಯಾಗ್ ಬಿದ್ದದ್ದ್."

ಸಾಹೇಬರು 'ಮಧ್ಯ' ಅನ್ನುವುದರ ಮೇಲೆ ಒಂದೇ ಗೀಟು ಎಳೆದರು, ಹಳೆಯ ಪದ ಓದಲು ಬರುವ ಹಾಗೆ. ಮೇಲೆ ಹೊಸದನ್ನು ಬರೆದು ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ ಹಾಕಿದರು. ನಾನು ಎಂಟನೇ ಸಾಲು ಓದಿದೆ.