ಬಸ್ಸಾರಿನ ಕಟ್ಟು ಮತ್ತು ಮೇಷ್ಟ್ರ ಕಿಡ್ನಿ

ಎಲ್ಲರಿಗೂ ನಮಸ್ಕಾರ. ನಾನು ಡಯಟಿಷಿಯನ್. ಕಿಡ್ನಿ ತೊಂದರೆ ಶುರುವಾಗಿದೆ ಅಂತ ಗೊತ್ತಾದವರು ನನ್ನ ಮುಂದೆ ಕೂತು ಮೊದಲು ಕೇಳೋದು ಒಂದೇ ಮಾತು: "ಮೇಡಂ, ಇನ್ನು ಮೇಲೆ ಮುದ್ದೆ ಬಿಡಬೇಕಾ?" ಮಂಡ್ಯ ಕಡೆಯ ಒಬ್ಬ ನಿವೃತ್ತ ಮೇಷ್ಟ್ರೂ ಅದನ್ನೇ ಕೇಳಿದರು. ಇವತ್ತು ಅವರ ಮನೆ ಅಡುಗೆಯ ಕಥೆಯನ್ನೇ ಹೇಳುತ್ತೇನೆ.

ಅವರಿಗೆ 61 ವರ್ಷ, ತೂಕ 60 ಕೆಜಿ. ಹತ್ತು ವರ್ಷದಿಂದ ಶುಗರ್, ಜೊತೆಗೆ ಬಿಪಿ. ಕ್ರಿಯಾಟಿನಿನ್ 1.6, ಕಿಡ್ನಿ ಎಷ್ಟು ಸೋಸುತ್ತೆ ಅಂತ ಹೇಳೋ ಇ-ಜಿಎಫ್‌ಆರ್ 48. ಅಂದರೆ ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ಮೂರನೇ ಹಂತದ ಮೊದಲ ಭಾಗ. ಕಾಲು ಊತ ಇಲ್ಲ, ಸುಸ್ತಿಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ 5.6 ಇತ್ತು. ಸಾಮಾನ್ಯವಾಗಿ ಅದು 3.5ರಿಂದ 5ರ ಒಳಗಿರಬೇಕು. ಡಾಕ್ಟರು ಇನ್ನೊಂದು ಸಲ ರಕ್ತ ಕೊಡಿ ಅಂದರು. ರಕ್ತ ತೆಗೆಯುವಾಗ ಮುಷ್ಟಿ ತುಂಬಾ ಹೊತ್ತು ಬಿಗಿ ಹಿಡಿದರೆ, ಅಥವಾ ಟ್ಯೂಬಿನೊಳಗೆ ರಕ್ತಕಣ ಒಡೆದರೆ, ಪೊಟ್ಯಾಸಿಯಂ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ. ಎರಡನೇ ಸಲವೂ 5.5 ಬಂತು. ಆಗ ನನ್ನ ಹತ್ತಿರ ಕಳಿಸಿದರು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕಿಡ್ನಿ ಸ್ವಲ್ಪ ಕುಂದಿದೆ ಅಂದ ಮಾತ್ರಕ್ಕೆ ಎಲ್ಲರೂ ಹಣ್ಣು ತರಕಾರಿ ಬಿಡಬೇಕಾಗಿಲ್ಲ. ಉಪ್ಪು ಎಲ್ಲರೂ ಕಡಿಮೆ ಮಾಡಬೇಕು. ಪೊಟ್ಯಾಸಿಯಂ ಕಡಿಮೆ ಮಾಡಬೇಕಾದ್ದು ರಿಪೋರ್ಟಿನಲ್ಲಿ ಅದು ಏರಿದವರು. ಪಕ್ಕದ ಮನೆಯವರ ಪಟ್ಟಿ ನೋಡಿ ಸುಮ್ನೆ ಸೊಪ್ಪು ನಿಲ್ಲಿಸಿದರೆ ಮಲಬದ್ಧತೆ ಶುರುವಾಗುತ್ತೆ. ಕಿಡ್ನಿ ಸೋತಾಗ ಒಂದಷ್ಟು ಪೊಟ್ಯಾಸಿಯಂ ಮಲದಲ್ಲೇ ಹೊರಗೆ ಹೋಗಬೇಕು. ಅದೂ ಕಟ್ಟಿಕೊಂಡರೆ ಇನ್ನೂ ಏರುತ್ತೆ.

ಮೇಷ್ಟ್ರಿಗೆ ಏರಿದ್ದು ಯಾಕೆ? ಒಂದು ಕಾರಣ ಅವರ ಬಿಪಿ ಮಾತ್ರೆ, ಟೆಲ್ಮಿಸಾರ್ಟಾನ್. ಅದು ಕಿಡ್ನಿಯನ್ನ ಕಾಪಾಡುತ್ತೆ, ಆದರೆ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತೆ. ಅದನ್ನ ನಾವಾಗಿ ನಿಲ್ಲಿಸೋ ಹಾಗಿಲ್ಲ. ಹಾಗಾಗಿ ಉಳಿದದ್ದೆಲ್ಲ ಅಡುಗೆಮನೆಯಲ್ಲೇ ಹುಡುಕಬೇಕಾಯಿತು.

ಮೊದಲು ಸಿಕ್ಕಿದ್ದು ಉಪ್ಪಿನ ಪ್ಯಾಕೆಟ್ಟು. ಅಪ್ಪನಿಗೆ ಬಿಪಿ ಅಂತ ಮಗಳು ಪ್ರೀತಿಯಿಂದ 'ಕಡಿಮೆ ಸೋಡಿಯಂ ಉಪ್ಪು' ತಂದುಕೊಟ್ಟಿದ್ದಳು. ಅದರಲ್ಲಿ ಸೋಡಿಯಂ ಯಾಕೆ ಕಡಿಮೆ? ಆ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಬೇರೆಯವರಿಗೆ ಒಳ್ಳೆಯದೇ. ಇವರಿಗೆ ಮಾತ್ರ ದಿನಾ ಚಮಚದಲ್ಲಿ ಪೊಟ್ಯಾಸಿಯಂ ತಿನ್ನಿಸಿದ ಹಾಗಾಗಿತ್ತು. ಆ ಪ್ಯಾಕೆಟ್ಟು ನಿಂತಿತು. ಅದರ ಬದಲು ಸೈಂಧವ ಲವಣ ಹಾಕಬಹುದಾ ಅಂತ ಕೇಳುತ್ತಾರೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಬೇರೆ, ಅಷ್ಟೇ.

ಎರಡನೆಯದು ಬೆಳಗಿನ ವಾಕಿಂಗ್ ಮುಗಿಸಿ ಕುಡಿಯುತ್ತಿದ್ದ ಎಳನೀರು. ಒಂದು ದೊಡ್ಡ ಎಳನೀರಲ್ಲಿ ಒಂದು ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತೆ. ಅದು ನಿಂತಿತು.

ಮೂರನೆಯದನ್ನ ಕಂಡುಹಿಡಿಯೋಕೆ ಸ್ವಲ್ಪ ಹೊತ್ತು ಹಿಡಿಯಿತು. "ಸೊಪ್ಪು ಬಸಿದೇ ತಿಂತೀವಿ ಮೇಡಂ" ಅಂದರು ಅವರ ಮನೆಯವರು. ನನಗೆ ಖುಷಿಯಾಯಿತು. ಪೊಟ್ಯಾಸಿಯಂ ಬೆಂಕಿಗೆ ಸುಡೋದಿಲ್ಲ, ಆವಿಯಾಗೋದಿಲ್ಲ. ನೀರಿಗೆ ಇಳಿಯುತ್ತೆ. ಸಣ್ಣಗೆ ಹೆಚ್ಚಿ, ಧಾರಾಳ ನೀರಲ್ಲಿ ಬೇಯಿಸಿ ಬಸಿದರೆ ಸುಮಾರು ಅರ್ಧದಷ್ಟು ಹೊರಗೆ ಬರುತ್ತೆ. ಬರೀ ನೆನೆಸಿಟ್ಟರೆ ಅಷ್ಟು ಬರೋದಿಲ್ಲ, ಕುದಿಯಬೇಕು. "ಬಸಿದ ನೀರು ಏನ್ಮಾಡ್ತೀರಮ್ಮ?" ಅಂದೆ. "ಅದರಲ್ಲೇ ಅಲ್ವಾ ಸಾರು ಮಾಡೋದು!"

ನಮ್ಮ ಬಸ್ಸಾರಿನ ಗುಟ್ಟೇ ಅದು. ದಂಟಿನ ಸೊಪ್ಪು, ತೊಗರಿಬೇಳೆ ಬೇಯಿಸಿ ಬಸಿದು, ಗಟ್ಟಿಗೆ ಒಗ್ಗರಣೆ ಹಾಕಿದರೆ ಪಲ್ಯ, ಕಟ್ಟಿಗೆ ಮಸಾಲೆ ಹಾಕಿದರೆ ಸಾರು. ಸೊಪ್ಪಿನಿಂದಲೂ ಬೇಳೆಯಿಂದಲೂ ಇಳಿದ ಪೊಟ್ಯಾಸಿಯಂ ಎಲ್ಲ ಆ ಕಟ್ಟಿನಲ್ಲೇ ಇರುತ್ತೆ. ಮೇಷ್ಟ್ರು ಮುದ್ದೆಗೆ ಎರಡು ಸೌಟು, ಅನ್ನಕ್ಕೆ ಎರಡು ಸೌಟು ಹಾಕಿಕೊಳ್ಳುತ್ತಿದ್ದರು. ಪಲ್ಯ ಒಂದು ಚಮಚ.

ನಾನು ಅದನ್ನ ತಿರುಗಿಸಿ ಹಾಕಿದೆ. ಪಲ್ಯ ಒಂದು ಬಟ್ಟಲು ತಿನ್ನಿ. ಸಾರಿನ ಮಸಾಲೆ ನೀವು ಮಾಡೋ ಹಾಗೇ ಹುರಿದುಕೊಳ್ಳಿ: ಈರುಳ್ಳಿ, ಬೆಳ್ಳುಳ್ಳಿ, ಧನಿಯ, ಜೀರಿಗೆ, ಮೆಣಸು, ಒಂದು ಹಿಡಿ ಕಾಯಿ. ಬಸಿದ ಬೇಳೆಯಲ್ಲಿ ಎರಡು ಚಮಚ ಸೇರಿಸಿ ರುಬ್ಬಿ, ಸಾರು ಗಟ್ಟಿಯಾಗುತ್ತೆ. ರುಬ್ಬಿದ ಮಸಾಲೆಯಲ್ಲಿ ಮೇಷ್ಟ್ರ ಪಾಲನ್ನ ಸಣ್ಣ ಪಾತ್ರೆಗೆ ತೆಗೆದು, ಕಟ್ಟಿನ ಬದಲು ಬಿಸಿನೀರು ಹಾಕಿ ಕುದಿಸಿ. ಉಳಿದವರ ಪಾತ್ರೆಗೆ ಕಟ್ಟು ಹಾಕಿ. ಟೊಮೆಟೊ ಬೇಡ, ಇಳಿಸುವಾಗ ನಿಂಬೆರಸ ಹಿಂಡಿ. "ಕಟ್ಟಿಲ್ಲದ ಬಸ್ಸಾರು ಬಸ್ಸಾರೇ ಅಲ್ಲ" ಅಂತ ಆಕೆ ಒಂದು ವಾರ ಮುನಿಸಿಕೊಂಡಿದ್ದರು. ನಿಜ ಹೇಳಬೇಕಂದರೆ ರುಚಿ ಒಂದು ಕೈ ಕಡಿಮೆಯೇ. ಮೆಣಸು, ಬೆಳ್ಳುಳ್ಳಿ ಮುಂದೆ ಮಾಡಿದರೆ ನಡೆಯುತ್ತೆ.

ಇನ್ನು ಉಪ್ಪು. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಮಟ್ಟವಾಗಿ ಒಂದು ಟೀ ಚಮಚದಷ್ಟು. "ನಾವು ಉಪ್ಪು ಕಮ್ಮಿನೇ" ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ನಾನು ನಾಲಿಗೆಯನ್ನ ಕೇಳೋದಿಲ್ಲ, ಪ್ಯಾಕೆಟ್ ಒಡೆದ ತಾರೀಖು ಕೇಳುತ್ತೇನೆ. ಮೇಷ್ಟ್ರ ಮನೆಯಲ್ಲಿ ನಾಲ್ಕು ಜನ, ಒಂದು ಕೆಜಿ ಪ್ಯಾಕೆಟ್ಟು 20 ದಿನಕ್ಕೆ ಖಾಲಿ. ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ 12 ಗ್ರಾಂ ದಾಟುತ್ತೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ ಇದರ ಮೇಲೆ ಬೇರೆ. ಇನ್ನು ಮೇಲೆ ಒಂದು ಕೆಜಿ ಮಾಮೂಲಿ ಉಪ್ಪು ಎರಡು ತಿಂಗಳು ಬರಬೇಕು ಅಂತ ಗುರಿ ಇಟ್ಟೆವು. ಅನ್ನಕ್ಕೆ, ಮಜ್ಜಿಗೆಗೆ, ಮುದ್ದೆಗೆ ಉಪ್ಪು ನಿಂತಿತು. ಉಪ್ಪಿನ ಡಬ್ಬಿ ಊಟದ ಜಾಗದಿಂದ ಎದ್ದು ಹೋಯಿತು. ಇಡ್ಲಿ ಹಿಟ್ಟಿಗೆ ಸೋಡಾ ಹಾಕೋದೂ ನಿಂತಿತು, ಯಾಕಂದರೆ ಅದರಲ್ಲೂ ಸೋಡಿಯಂ ಇದೆ. ಚೆನ್ನಾಗಿ ಹುದುಗು ಬಂದರೆ ಸೋಡಾ ಯಾಕೆ ಬೇಕು? ಮೂರು ನಾಲ್ಕು ವಾರ ಸಪ್ಪೆ ಅನ್ನಿಸುತ್ತೆ, ಆಮೇಲೆ ಹೋಟೆಲ್ ಸಾಂಬಾರೇ ಉಪ್ಪುಪ್ಪು ಅನ್ನಿಸೋಕೆ ಶುರುವಾಗುತ್ತೆ.

ಈಗ ಅವರ ಒಂದು ದಿನ ಹೀಗಿದೆ. ಬೆಳಿಗ್ಗೆ ಒಂದು ಲೋಟ ಕಾಫಿ. ಮೂರು ಇಡ್ಲಿ, ಎರಡು ಚಮಚ ಕಾಯಿ ಚಟ್ನಿ, ಸಾಂಬಾರ್ ಇಲ್ಲ. ಹನ್ನೊಂದಕ್ಕೆ ಅರ್ಧ ಸೇಬು ಅಥವಾ ಒಂದು ಹೋಳು ಅನಾನಸ್. ಮಧ್ಯಾಹ್ನ ಒಂದು ಸಣ್ಣ ಮುದ್ದೆ, ಬಸಿದ ಸೊಪ್ಪು-ಬೇಳೆ ಪಲ್ಯ, ಬಿಸಿನೀರಿನ ಸಾರು, ಸ್ವಲ್ಪ ಅನ್ನ, ಒಂದು ಬಟ್ಟಲು ಮೊಸರು. ಹೌದು, ಮುದ್ದೆ ಉಳಿಯಿತು. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ ಜಾಸ್ತಿ, ಆದರೆ ಕಟ್ಟು, ಎಳನೀರು ಹೋದ ಮೇಲೆ ದಿನಕ್ಕೊಂದು ಮುದ್ದೆಗೆ ಜಾಗ ಸಿಕ್ಕಿತು. ಸಂಜೆ ಅವಲಕ್ಕಿ ಒಗ್ಗರಣೆ. ಕಡ್ಲೆಪುರಿ ಕೇಳಿದರು, ಪುರಿ ಹುರಿಯುವಾಗಲೇ ಉಪ್ಪು ಸೇರಿರುತ್ತೆ, ಅಪರೂಪಕ್ಕೆ ಸಾಕು ಅಂದೆ. ರಾತ್ರಿ ಅಕ್ಕಿರೊಟ್ಟಿ, ಸೀಮೆಬದನೆ ಅಥವಾ ಹೀರೇಕಾಯಿ ಪಲ್ಯ, ಉಪ್ಪಿಲ್ಲದ ಮಜ್ಜಿಗೆ. ಆಲೂಗಡ್ಡೆ ತಿನ್ನಲೇಬೇಕು ಅನ್ನಿಸಿದ ದಿನ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಬೇಯಿಸಿ ನೀರು ಚೆಲ್ಲಿ ಪಲ್ಯ ಮಾಡುತ್ತಾರೆ. ಇಡಿಯಾಗಿ ಕುಕ್ಕರಿನಲ್ಲಿ ಬೇಯಿಸಿದರೆ ಅಷ್ಟು ಹೋಗೋದಿಲ್ಲ.

ಕರಾವಳಿ, ಮಲೆನಾಡಿನವರು ಇಲ್ಲಿದ್ದರೆ ಒಂದು ಎಚ್ಚರಿಕೆ. ಐದು ಏಣಿನ ಧಾರೆಹುಳಿ, ಕೆಲವರು ಕಮರಾಕ್ಷಿ ಅನ್ನುತ್ತಾರಲ್ಲ, ಅದನ್ನ ಕಿಡ್ನಿ ತೊಂದರೆ ಇರುವವರು ಮುಟ್ಟಬೇಡಿ. ಅದರಲ್ಲಿರುವ ವಿಷ ಹೊರಗೆ ಹೋಗದೆ ಮೆದುಳಿಗೆ ತಾಗುತ್ತೆ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತನಕ ಹೋಗಬಹುದು.

ಎರಡು ವಾರ ಬಿಟ್ಟು ಮೇಷ್ಟ್ರ ಪೊಟ್ಯಾಸಿಯಂ 4.9ಕ್ಕೆ ಇಳಿಯಿತು. ಮಾತ್ರೆ ಹಾಗೇ ಮುಂದುವರಿಯಿತು. ಪೊಟ್ಯಾಸಿಯಂ ಏರಿದರೆ ಬಹಳ ಸಲ ಮೈಗೆ ಗೊತ್ತಾಗೋದೇ ಇಲ್ಲ. ಅದಕ್ಕೆ ಡಾಕ್ಟರು ಹೇಳಿದ ತಾರೀಖಿಗೆ ರಕ್ತ ಕೊಡಲೇಬೇಕು. ಕೈಕಾಲು ಸೋತು ಬಂದರೆ, ಎದೆಬಡಿತ ತಪ್ಪಿದ ಹಾಗಾದರೆ ಆ ತಾರೀಖಿನ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಯುಗಾದಿಗೆ ಮುಂಚೆ ಮೇಷ್ಟ್ರು ಫೋನ್ ಮಾಡಿದ್ದರು. "ಮೇಡಂ, ಹೋಳಿಗೆಗೆ ಶುಗರ್ ಅಡ್ಡ. ಹೋಳಿಗೆ ಸಾರು ಬೇಳೆ ಕಟ್ಟಿನದು, ಅದಕ್ಕೆ ಕಿಡ್ನಿ ಅಡ್ಡ. ನಾನು ಎಲೆ ಮುಂದೆ ಕೂತು ಏನು ಮಾಡಲಿ?" ಬಸಿದ ಬೇಳೆಯ ಹೂರಣ ತಾನೇ, ಅನ್ನ ಸ್ವಲ್ಪ ಬಿಟ್ಟು ಅರ್ಧ ಹೋಳಿಗೆ ತಿನ್ನಿ ಅಂದೆ. ಸಾರಿಗೆ ಅವರ ಮನೆಯವರು ನನ್ನನ್ನ ಕೇಳಲೇ ಇಲ್ಲ. ಆಗಲೇ ಒಲೆ ಮೇಲೆ ಸಣ್ಣ ಪಾತ್ರೆಯಲ್ಲಿ ಬಿಸಿನೀರು ಇಟ್ಟಿದ್ದರಂತೆ.