ಐವತ್ತನಾಲ್ಕು ನಾಟ್, ನೂರು ಕಿಲೋಮೀಟರ್

ಕೇಳುಗರಿಗೆಲ್ಲ ನಮಸ್ಕಾರ. ಮಲ್ಪೆಯಲ್ಲೋ ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲೋ ಹೊಸದಾಗಿ ಬೋಟು ಹತ್ತಿದ ಹುಡುಗರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಅಣ್ಣಾ, ಎಂಟು ನಾಟ್ ಅಂದ್ರೆ ಎಷ್ಟು ಸ್ಪೀಡು?" ಬೈಕಿನ ಮೀಟರ್ ನೋಡಿ ಬೆಳೆದವರಿಗೆ ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ಹೇಳಿದರೆ ಮಾತ್ರ ವೇಗ ಕಣ್ಣಿಗೆ ಕಟ್ಟುತ್ತದೆ. ಉತ್ತರ ಒಂದೇ ಸಾಲಿನದು. ನಾಟ್ ಸಂಖ್ಯೆಯನ್ನು 1.852 ರಿಂದ ಗುಣಿಸಿ. ಎಂಟು ನಾಟ್ ಅಂದರೆ ಗಂಟೆಗೆ 14.8 ಕಿಲೋಮೀಟರ್. ಆದರೆ ಈ 1.852 ಎಲ್ಲಿಂದ ಬಂತು ಅಂತ ತಿಳಿದರೆ ಲೆಕ್ಕ ಬಾಯಲ್ಲೇ ಮಾಡಬಹುದು. ಯಾವಾಗ ಗುಣಿಸಬಾರದು ಎನ್ನುವುದೂ ಗೊತ್ತಾಗುತ್ತದೆ.

ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲು. ಗಂಟೆ ಅದರೊಳಗೇ ಇದೆ. ಹಾಗಾಗಿ "ಗಂಟೆಗೆ ಎಂಟು ನಾಟ್" ಅನ್ನಬೇಕಿಲ್ಲ, ಎಂಟು ನಾಟ್ ಅಂದರೆ ಸಾಕು. ನಾಟಿಕಲ್ ಮೈಲು ಹುಟ್ಟಿದ್ದು ಭೂಮಿಯ ಅಳತೆಯಿಂದ. ಭೂಮಧ್ಯರೇಖೆಯಿಂದ ಧ್ರುವದವರೆಗೆ 90 ಡಿಗ್ರಿ ಅಕ್ಷಾಂಶ. ಒಂದು ಡಿಗ್ರಿಗೆ 60 ಮಿನಿಟು. ಒಟ್ಟು 5400 ಮಿನಿಟು. ಇದರಲ್ಲಿ ಒಂದು ಮಿನಿಟಿನ ದೂರವೇ ಒಂದು ನಾಟಿಕಲ್ ಮೈಲು.

ಈಗ ಮೀಟರಿನ ಕಡೆಗೆ ಬನ್ನಿ. ಹದಿನೆಂಟನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಮೀಟರನ್ನು ಗೊತ್ತುಮಾಡಿದಾಗಲೂ ಇದೇ ದೂರವನ್ನು ಹಿಡಿದರು. ಭೂಮಧ್ಯರೇಖೆಯಿಂದ ಧ್ರುವದವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿ, ಒಂದು ಭಾಗಕ್ಕೆ ಒಂದು ಮೀಟರ್ ಅಂದರು. ಅಂದರೆ ಆ ದೂರ ಹತ್ತು ಸಾವಿರ ಕಿಲೋಮೀಟರ್. ಒಂದೇ ದೂರ, ಒಂದು ಲೆಕ್ಕದಲ್ಲಿ 5400 ನಾಟಿಕಲ್ ಮೈಲು, ಇನ್ನೊಂದರಲ್ಲಿ 10,000 ಕಿಲೋಮೀಟರ್. ಹತ್ತು ಸಾವಿರವನ್ನು 5400 ರಿಂದ ಭಾಗಿಸಿ ನೋಡಿ. 1.852 ಬಂತಲ್ವಾ? 1929 ರಲ್ಲಿ ಮೊನಾಕೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ನಾಟಿಕಲ್ ಮೈಲು ಅಂದರೆ ಸರಿಯಾಗಿ 1852 ಮೀಟರ್ ಅಂತ ತೀರ್ಮಾನ ಮಾಡಿದರು. ಅದೇ ಈಗ ನಡೆದುಕೊಂಡು ಬಂದಿದೆ.

ಇದರಿಂದ ನೆನಪಿಡಲು ಬಲು ಸುಲಭವಾದ ಒಂದು ಜೋಡಿ ಸಿಗುತ್ತದೆ. 54 ನಾಟ್ ಅಂದರೆ ಗಂಟೆಗೆ 100 ಕಿಲೋಮೀಟರ್. 27 ನಾಟ್ ಅಂದರೆ 50. ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ತಪ್ಪು ಥಟ್ಟನೆ ಕಣ್ಣಿಗೆ ಬೀಳುತ್ತದೆ. ನಾಟ್ ಸಂಖ್ಯೆ ಯಾವಾಗಲೂ ಕಿಲೋಮೀಟರ್ ಸಂಖ್ಯೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು. ಇಲ್ಲದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಬಾಯಿಲೆಕ್ಕಕ್ಕೆ ಕೆಲವರು ಎರಡರಿಂದ ಗುಣಿಸಿ ಹತ್ತರಲ್ಲೊಂದು ಭಾಗ ಕಳೆಯುತ್ತಾರೆ. ಹಾಗೆ ಮಾಡಿದರೆ 20 ನಾಟ್‌ಗೆ 36 ಬರುತ್ತದೆ. ನಿಜವಾದದ್ದು 37. ಅಂದಾಜಿಗೆ ಅದು ಸಾಕು. ನನಗೆ ಇಷ್ಟವಾದ ದಾರಿ ಇನ್ನೊಂದು. ಎರಡರಿಂದ ಗುಣಿಸಿ, ಮೂಲ ಸಂಖ್ಯೆಯ ನೂರಕ್ಕೆ ಹದಿನೈದನ್ನು ಕಳೆಯಿರಿ. 20 ನಾಟ್ ಅಂದರೆ 40, ಅದರಿಂದ 3 ಕಳೆದರೆ 37. ಇದು ಕ್ಯಾಲ್ಕುಲೇಟರಿನ ಉತ್ತರಕ್ಕೆ ಕೂದಲೆಳೆಯಷ್ಟು ಹತ್ತಿರ. ಕಿಲೋಮೀಟರಿನಿಂದ ನಾಟ್‌ಗೆ ವಾಪಸ್ ಬರಬೇಕಾದರೆ 0.54 ರಿಂದ ಗುಣಿಸಿ. ಗಾಳಿ ಗಂಟೆಗೆ 55 ಕಿಲೋಮೀಟರ್ ಬೀಸುತ್ತದೆ ಅಂತ ಮೀನುಗಾರರ ಎಚ್ಚರಿಕೆಯಲ್ಲಿ ಕೇಳಿದರೆ, ಅದು ಸುಮಾರು 30 ನಾಟ್.

ಹೆಚ್ಚು ಮಂದಿ ಎಡವುವುದು ಮೈಲು ಎಂಬ ಹೆಸರಿನಲ್ಲಿ. ರಸ್ತೆಯ ಮೈಲು 1.609 ಕಿಲೋಮೀಟರ್. ಶಾಲೆಯಲ್ಲಿ ಒಂದು ಮೈಲು ಅಂದರೆ 1.6 ಅಂತ ಕಲಿತವರು ನಾಟ್‌ಗೂ ಅದನ್ನೇ ಹಾಕಿಬಿಡುತ್ತಾರೆ. ಅದರಿಂದ ಏನಾಗುತ್ತದೆ ಅಂತ ಒಂದು ಪ್ರಯಾಣದಲ್ಲೇ ನೋಡೋಣ.

ಮಲ್ಪೆ ಬಂದರು ಇರುವುದು 13 ಡಿಗ್ರಿ 21 ಮಿನಿಟು ಅಕ್ಷಾಂಶದ ಹತ್ತಿರ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಮಂಗಳೂರಿನ ಅಳಿವೆ ಬಾಗಿಲು 12 ಡಿಗ್ರಿ 51 ಮಿನಿಟಿನ ಹತ್ತಿರ. ಎರಡರ ನಡುವೆ 30 ಮಿನಿಟು. ಅಂದರೆ ತೆಂಕಣಕ್ಕೆ 30 ನಾಟಿಕಲ್ ಮೈಲು. ಗುಣಾಕಾರವಿಲ್ಲ, ಭಾಗಾಕಾರವಿಲ್ಲ, ಸುಮ್ನೆ ಒಂದು ಕಳೆಯುವ ಲೆಕ್ಕ. ಕಡಲಿನವರು ನಾಟನ್ನು ಬಿಡದಿರುವುದು ಇದಕ್ಕೇ. ಚಾರ್ಟಿನ ಎಡಬಲ ಅಂಚುಗಳಲ್ಲಿ ಇರುವ ಅಕ್ಷಾಂಶದ ಗುರುತುಗಳೇ ಅವರಿಗೆ ಅಳತೆಪಟ್ಟಿ. ಡಿವೈಡರಿನ ಎರಡು ಕಾಲನ್ನು ಎರಡು ಊರಿನ ಮೇಲೆ ಇಟ್ಟು, ಹಾಗೇ ಎತ್ತಿ ಪಕ್ಕದ ಅಂಚಿಗೆ ಹಿಡಿದರೆ ದೂರ ಸಿಕ್ಕಿತು. ಆದರೆ ಮೇಲಿನ ಅಥವಾ ಕೆಳಗಿನ ಅಂಚಿಗೆ ಹಿಡಿಯಬಾರದು. ಅಲ್ಲಿರುವುದು ರೇಖಾಂಶ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುತ್ತವೆ. ಹಾಗಾಗಿ ಅದರ ಒಂದು ಮಿನಿಟು ನಾಟಿಕಲ್ ಮೈಲಿಗೆ ಸಮವಲ್ಲ.

ಕರಾವಳಿ ನೇರ ತೆಂಕಣಕ್ಕಿಲ್ಲ, ಸ್ವಲ್ಪ ಮೂಡಣಕ್ಕೆ ವಾಲಿದೆ. ಆ ಓರೆಯನ್ನೂ ಸೇರಿಸಿದರೆ ದೂರ ಸುಮಾರು 31 ನಾಟಿಕಲ್ ಮೈಲು. ಬೋಟು ಎಂಟು ನಾಟ್‌ನಲ್ಲಿ ಹೋದರೆ, 31 ನ್ನು ಎಂಟರಿಂದ ಭಾಗಿಸಿ. 3 ಗಂಟೆ 52 ನಿಮಿಷ. ಇದನ್ನೇ ಕಿಲೋಮೀಟರಿನಲ್ಲಿ ಮಾಡಿದರೆ 57.4 ಕಿಲೋಮೀಟರ್ ದೂರ, 14.8 ವೇಗ. ಸಮಯ ಅಷ್ಟೇ ಬರುತ್ತದೆ. ಈಗ ಯಾರೋ ಒಬ್ಬರು ಮೊಬೈಲಿನ ನಕ್ಷೆಯಲ್ಲಿ 57.4 ಕಿಲೋಮೀಟರ್ ಅಂತ ದೂರ ಅಳೆದರು, ವೇಗವನ್ನು ಮಾತ್ರ 1.6 ರಿಂದ ಗುಣಿಸಿದರು ಅಂತಿಟ್ಟುಕೊಳ್ಳಿ. ಎಂಟು ನಾಟ್ 12.8 ಆಗಿಬಿಡುತ್ತದೆ. ಸಮಯ ಸುಮಾರು ನಾಲ್ಕೂವರೆ ಗಂಟೆ. ಅರ್ಧ ಗಂಟೆಗಿಂತ ಜಾಸ್ತಿ ವ್ಯತ್ಯಾಸ. ಡೀಸೆಲ್ ಲೆಕ್ಕವೂ ಅದರ ಹಿಂದೆಯೇ ತಪ್ಪುತ್ತದೆ.

ಇಲ್ಲಿ ಒಂದು ಸಣ್ಣ ಮಾತು. ಭೂಮಿ ಪೂರ್ತಿ ಗುಂಡಗಿಲ್ಲ. ಹಾಗಾಗಿ ನಮ್ಮ ಕರಾವಳಿಯಲ್ಲಿ ಅಕ್ಷಾಂಶದ ಒಂದು ಮಿನಿಟು ನಿಜಕ್ಕೂ 1844 ಮೀಟರಿನಷ್ಟೇ ಇದೆ, ಧ್ರುವದಲ್ಲಿ 1862. ಮಲ್ಪೆಯಿಂದ ಮಂಗಳೂರಿಗೆ ಬರುವಷ್ಟರಲ್ಲಿ ಇದರಿಂದ ಆಗುವ ವ್ಯತ್ಯಾಸ ಕಾಲು ಕಿಲೋಮೀಟರಿನಷ್ಟು. ಬೋಟಿನವರು ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಲೆಕ್ಕಕ್ಕೆ ಹಿಡಿಯಬೇಕಾದದ್ದು ನೀರಿನ ಸೆಳೆತ. ಎಂಟು ನಾಟ್ ಅಂದಾಗ ಯಾವುದರ ಮೇಲೆ ಎಂಟು ನಾಟ್? ನೀರಿನ ಮೇಲೋ, ನೆಲದ ಮೇಲೋ? ಎಂಜಿನ್ ಬೋಟನ್ನು ತಳ್ಳುವುದು ನೀರಿನಲ್ಲಿ. ನೀರೇ ಹರಿಯುತ್ತಿದ್ದರೆ ಬೋಟೂ ಅದರ ಜೊತೆ ಹೋಗುತ್ತದೆ. ನಮ್ಮ ಕಡಲಿನಲ್ಲಿ ಮಳೆಗಾಲದಲ್ಲಿ ಕರಾವಳಿಯ ಹರಿವು ತೆಂಕಣಕ್ಕೆ, ಚಳಿಗಾಲದಲ್ಲಿ ಬಡಗಣಕ್ಕೆ. ಅರ್ಧ ನಾಟ್‌ನ ಹರಿವು ಇದೆ ಅಂತಿಟ್ಟುಕೊಳ್ಳಿ. ಆಗಸ್ಟಿನಲ್ಲಿ ಮಲ್ಪೆಯಿಂದ ಮಂಗಳೂರಿಗೆ ಬಂದರೆ ನೆಲದ ಮೇಲಿನ ವೇಗ ಎಂಟೂವರೆ ನಾಟ್, ಸಮಯ 3 ಗಂಟೆ 39 ನಿಮಿಷ. ಅದೇ ದಾರಿ ಜನವರಿಯಲ್ಲಿ ಏಳೂವರೆ ನಾಟ್, 4 ಗಂಟೆ 8 ನಿಮಿಷ. ಎಂಜಿನ್ ಸದ್ದು ಒಂದೇ, ಡೀಸೆಲ್ ಕುಡಿಯುವುದೂ ಒಂದೇ. ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ. ಪರದೆಯಲ್ಲಿ SOG ಅಂತ ಇರುತ್ತದೆ, ಪಕ್ಕದಲ್ಲಿ kn ಇದ್ದರೆ ಅದು ನಾಟ್. ಊರು ಮುಟ್ಟುವ ಸಮಯ ಬೇಕಾದರೆ ಆ ಸಂಖ್ಯೆಯನ್ನೇ ಹಿಡಿಯಿರಿ. ಜಿಪಿಎಸ್‌ನಲ್ಲಿ ಯಾರಾದರೂ ಸೆಟ್ಟಿಂಗ್ ಬದಲಿಸಿ ಕಿಲೋಮೀಟರ್ ಮಾಡಿಟ್ಟಿದ್ದರೂ ಕಂಡುಹಿಡಿಯಬಹುದು. ಎಂದಿನ ಓಟದಲ್ಲೇ ಬೋಟು ಎಂಟರ ಬದಲು ಹದಿನೈದು ತೋರಿಸಿದರೆ, ಎಂಜಿನ್‌ಗೆ ಬಲ ಬಂದದ್ದಲ್ಲ.

ವಿಮಾನದಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. 35,000 ಅಡಿ ಎತ್ತರದಲ್ಲಿ ಹೋಗುವ ಜೆಟ್ ವಿಮಾನದ ಪೈಲಟ್ ಮುಂದಿನ ವೇಗದ ಮಾಪಕ ಸುಮಾರು 265 ನಾಟ್ ತೋರಿಸುತ್ತದೆ. ಅದನ್ನು 1.852 ರಿಂದ ಗುಣಿಸಿದರೆ ಗಂಟೆಗೆ 491 ಕಿಲೋಮೀಟರ್. ಆದರೆ ಪ್ರಯಾಣಿಕರ ಮುಂದಿನ ಪರದೆಯಲ್ಲಿ ಎಂಟುನೂರರ ಮೇಲೆ ಇರಬಹುದು. ಗುಣಾಕಾರ ಸರಿಯಾಗಿಯೇ ಇದೆ, ಗುಣಿಸಿದ ಸಂಖ್ಯೆ ಬೇರೆಯದು. ಮಾಪಕ ನಿಜಕ್ಕೂ ಅಳೆಯುವುದು ಎದುರಿಂದ ಬಡಿಯುವ ಗಾಳಿಯ ಒತ್ತಡವನ್ನು. ಅಷ್ಟು ಎತ್ತರದಲ್ಲಿ ಗಾಳಿ ತೆಳು, ನೆಲದ ಹತ್ತಿರ ಇರುವುದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಸಾಂದ್ರ. ಅದಕ್ಕೇ ವಿಮಾನ 450 ನಾಟ್‌ನಲ್ಲಿ ಗಾಳಿಯನ್ನು ಸೀಳಿಕೊಂಡು ಹೋದರೂ ಒತ್ತಡ 265 ರಷ್ಟೇ ಬರುತ್ತದೆ. 450 ನಾಟ್ ಅಂದರೆ ಗಂಟೆಗೆ 833 ಕಿಲೋಮೀಟರ್. ಎದುರಿನಿಂದ 40 ನಾಟ್ ಗಾಳಿ ಇದ್ದರೆ ನೆಲದ ಮೇಲೆ 410 ನಾಟ್, ಅಂದರೆ 759 ಕಿಲೋಮೀಟರ್. ಪ್ರಯಾಣಿಕರಿಗೆ ಕಾಣುವುದು ಈ ಕೊನೆಯ ಸಂಖ್ಯೆ. ಹಾಗಂತ ಪೈಲಟ್ ನೋಡುವ 265 ಸುಳ್ಳಲ್ಲ. ರೆಕ್ಕೆಗೆ ಸಿಗುವ ಎತ್ತುವ ಬಲವನ್ನು ಹೇಳುವುದು ಅದೇ. ಆ ಸಂಖ್ಯೆಯನ್ನು ಕಿಲೋಮೀಟರ್ ಮಾಡಿ ಮಂಗಳೂರಿನಿಂದ ಮುಂಬೈಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕುವುದು ಮಾತ್ರ ತಪ್ಪು.

ಇಳಿಯುವಾಗ ಗಾಳಿ ದಪ್ಪ. ಹಾಗಾಗಿ ಮಾಪಕದ ವೇಗವೂ ನಿಜ ವೇಗವೂ ಹತ್ತಿರಕ್ಕೆ ಬರುತ್ತವೆ. ಆಗ ಉಳಿಯುವುದು ಗಾಳಿ ಬೀಸುವ ದಿಕ್ಕಿನ ಲೆಕ್ಕ. ನಮ್ಮ ಬಜಪೆಯನ್ನೇ ತೆಗೆದುಕೊಳ್ಳಿ. ಗುಡ್ಡದ ತಲೆ ಮೇಲೆ 2450 ಮೀಟರ್ ರನ್‌ವೇ. 140 ನಾಟ್‌ನಲ್ಲಿ ಇಳಿಯಲು ಬರುವ ವಿಮಾನಕ್ಕೆ ಎದುರಿನಿಂದ 10 ನಾಟ್ ಗಾಳಿ ಇದ್ದರೆ ನೆಲ ಮುಟ್ಟುವ ವೇಗ 130 ನಾಟ್, ಗಂಟೆಗೆ 241 ಕಿಲೋಮೀಟರ್. ಅದೇ ಗಾಳಿ ಬೆನ್ನ ಹಿಂದಿನಿಂದ ಬಂದರೆ 150 ನಾಟ್, 278 ಕಿಲೋಮೀಟರ್. ವ್ಯತ್ಯಾಸ 37 ಕಿಲೋಮೀಟರ್ ಅಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 150 ನ್ನು 130 ರಿಂದ ಭಾಗಿಸಿ ವರ್ಗ ಮಾಡಿದರೆ 1.33. ಮೂರರಲ್ಲೊಂದು ಪಾಲು ಹೆಚ್ಚು ಶಕ್ತಿಯನ್ನು ಅದೇ 2450 ಮೀಟರಿನೊಳಗೆ ಕರಗಿಸಬೇಕು. ಕಂಟ್ರೋಲ್ ಟವರಿನವರು ಗಾಳಿಯ ವೇಗವನ್ನೂ ನಾಟ್‌ನಲ್ಲೇ ಹೇಳುತ್ತಾರೆ. ಪೈಲಟ್ ಅದನ್ನು ನೇರವಾಗಿ ಕೂಡಿಸಿ ಕಳೆದು, ರನ್‌ವೇಯ ಯಾವ ತುದಿಯಿಂದ ಇಳಿಯಬೇಕು ಅಂತ ನೋಡುತ್ತಾರೆ. ಕಿಲೋಮೀಟರ್ ಮಾಡುವುದಿದ್ದರೆ ಈ ಕೂಡುವುದು ಕಳೆಯುವುದು ಎಲ್ಲ ಮುಗಿದ ಮೇಲೆ, ಕೊನೆಗೆ ಒಂದೇ ಸಲ ಮಾಡಿ. ನಮಸ್ಕಾರ.