ಫೋಟೋ ಕೆಳಗೆ ಒಂದು ಪ್ರಶ್ನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾನು ಮೊಬೈಲ್ ಫೋಟೋ ತರಗತಿ ನಡೆಸುತ್ತೇನೆ. ಅಲ್ಲಿಗೆ ಬರುವವರು ಹೆಚ್ಚಾಗಿ ಕೇಳುವುದು ಕ್ಯಾಮೆರಾ ಬಗ್ಗೆ ಅಲ್ಲ. "ಸರ್, ಇಷ್ಟು ಚೆನ್ನಾಗಿರೋ ಫೋಟೋ ಹಾಕಿದ್ರೂ ಯಾರೂ ಮಾತಾಡಲ್ಲ, ಸುಮ್ನೆ ಲೈಕ್ ಒತ್ತಿ ಹೋಗ್ತಾರೆ" ಅಂತಾರೆ. ಕ್ಯಾಪ್ಷನ್ನಿನ ಕೊನೆಗೆ ಏನಾದರೂ ಪ್ರಶ್ನೆ ಕೇಳಿದ್ದೀರಾ ಅಂದರೆ, "ಕೇಳಿದ್ದೀನಲ್ಲ, ಹೇಗಿದೆ ಅಂತ" ಅನ್ನುತ್ತಾರೆ.

ತೊಂದರೆ ಇರುವುದೇ ಆ "ಹೇಗಿದೆ"ಯಲ್ಲಿ. ಅದು ನಿಮ್ಮ ಫೋಟೋ ಬಗ್ಗೆ ಕೇಳಿದ ಪ್ರಶ್ನೆ. ಅದಕ್ಕೆ ಸ್ನೇಹಿತರು "ಸೂಪರ್" ಅನ್ನದೆ ಇನ್ನೇನು ಹೇಳಬೇಕು? ಓದುವವರ ಬಗ್ಗೆ ಕೇಳಿ. ಅವರು ಕಂಡದ್ದು, ತಿಂದದ್ದು, ಅವರ ಮನೆಯಲ್ಲಿ ನಡೆಯುವುದನ್ನು ಕೇಳಿ.

ನಮ್ಮ ಅತ್ತಿಗೆಯ ವಿಷಯ ಹೇಳುತ್ತೇನೆ. ಮಂಡ್ಯದ ಹತ್ತಿರದ ಹಳ್ಳಿಯವರು. ಒಂದು ಸಂಜೆ ಆಲೆಮನೆಯ ಫೋಟೋ ತೆಗೆದಿದ್ದರು. ಕೊಪ್ಪರಿಗೆಯಿಂದ ಹಬೆ ಏಳುತ್ತಿದೆ, ಒಲೆಯ ಬೆಂಕಿ ಕೆಲಸದವನ ಒಂದು ಕೆನ್ನೆ ಮೇಲೆ ಮಾತ್ರ ಬಿದ್ದಿದೆ. ಬಹಳ ಒಳ್ಳೆಯ ಫೋಟೋ. ಅದರ ಕೆಳಗೆ "ನಮ್ಮೂರ ಆಲೆಮನೆ. ಹೇಗಿದೆ ಸ್ನೇಹಿತರೇ?" ಅಂತ ಬರೆದರು. 40 ಲೈಕ್ ಬಂತು. ಕಾಮೆಂಟ್ ಬಂದದ್ದು 4. ಎರಡು "ಸೂಪರ್", ಒಂದು "ನೈಸ್", ಇನ್ನೊಂದು ಬರೀ ಹೆಬ್ಬೆರಳು.

"ಯಾರೂ ಮಾತೇ ಆಡ್ತಿಲ್ಲ ಕಣಪ್ಪ" ಅಂತ ಫೋನ್ ಮಾಡಿದರು. ನಾನು ಹೇಳಿದೆ: "ಅತ್ತಿಗೆ, ನೀವು ಚಿಕ್ಕವರಿದ್ದಾಗ ಆಲೆಮನೆಗೆ ಹೋದರೆ ಮೊದಲು ಏನು ತಿಂತಾ ಇದ್ರಿ?" ಅಷ್ಟು ಕೇಳಿದ್ದೇ ತಡ, ಹತ್ತು ನಿಮಿಷ ಅವರೇ ಮಾತಾಡಿದರು. ಕಬ್ಬಿನ ಜಲ್ಲೆಯನ್ನು ಬಿಸಿ ಪಾಕಕ್ಕೆ ಅದ್ದಿ ಸುತ್ತಿಕೊಂಡು ಚೀಪುತ್ತಿದ್ದದ್ದು, ನಾಲಿಗೆ ಸುಟ್ಟುಕೊಂಡದ್ದು, ಅಪ್ಪ ಬೈದದ್ದು. "ಇದನ್ನೇ ಎಲ್ಲರನ್ನೂ ಕೇಳಿ ಅತ್ತಿಗೆ" ಅಂದೆ.

ಮುಂದಿನ ವಾರ ಅದೇ ಆಲೆಮನೆಯ ಇನ್ನೊಂದು ಫೋಟೋ ಹಾಕಿದರು. ಕೆಳಗೆ ಹೀಗೆ ಬರೆದರು: "ಬಿಸಿ ಬೆಲ್ಲ ತಿನ್ನೋ ಆಸೆಗೆ ನಾನು ನಾಲಿಗೆ ಸುಟ್ಕೊಂಡ ಜಾಗ ಇದು. ಆಲೆಮನೆಗೆ ಹೋದ್ರೆ ನೀವು ಮೊದಲು ಕೇಳ್ತಿದ್ದದ್ದು ಯಾವುದು, ಕಬ್ಬಿನ ಹಾಲೋ, ಬಿಸಿ ಬೆಲ್ಲವೋ?" ರಾತ್ರಿ ಊಟದ ಹೊತ್ತಿಗೆ 31 ಕಾಮೆಂಟ್! ಮೊದಲು ಬಂದದ್ದು "ಹಾಲು", "ಬೆಲ್ಲ" ಅಂತ ಒಂದೊಂದೇ ಪದ. ಅತ್ತಿಗೆ ಸುಮ್ಮನಿರಲಿಲ್ಲ. ಒಬ್ಬೊಬ್ಬರಿಗೂ "ಯಾರ ಜೊತೆ ಹೋಗ್ತಿದ್ದೆ?", "ಹಾಲಿಗೆ ನಿಂಬೆಹಣ್ಣು ಹಿಂಡ್ತಿದ್ರಾ?" ಅಂತ ಮರುಪ್ರಶ್ನೆ ಹಾಕಿದರು. ಕಥೆಗಳು ಬಂದದ್ದು ಆಮೇಲೆ. ಜೊತೆಗೆ ಓದಿದ ಗೆಳತಿಯೊಬ್ಬರು, ಎಷ್ಟೋ ವರ್ಷದಿಂದ ಸುದ್ದಿಯೇ ಇಲ್ಲದವರು, "ನಾಲಿಗೆ ಸುಟ್ಕೊಂಡ ದಿನ ಪಕ್ಕದಲ್ಲಿ ನಾನೇ ಇದ್ದೆ ಕಣೇ" ಅಂತ ಬರೆದಿದ್ದರು.

ಎರಡು ಫೋಟೋಗಳೂ ಒಂದೇ ಜಾಗದವು, ನೋಡಿದವರೂ ಅದೇ ಜನ. ಬದಲಾದದ್ದು ಆ ಎರಡು ಸಾಲು. ಮೊದಲ ಸಾಲಿನಲ್ಲಿ ಅವರು ತಮ್ಮದೊಂದು ನೆನಪು ಕೊಟ್ಟರು. ಎರಡನೆಯದರಲ್ಲಿ ಓದುವವರ ನೆನಪು ಕೇಳಿದರು. ಆಯ್ಕೆ ಎರಡೇ ಇದ್ದದ್ದರಿಂದ ಬಸ್ಸಿನಲ್ಲಿ ನಿಂತವರೂ ಒಂದು ಪದ ಒತ್ತಬಹುದಿತ್ತು. ಅದಕ್ಕೇ ಮತ್ತೆ ಹೇಳುತ್ತೇನೆ, ಪ್ರಶ್ನೆ ಓದುವವರ ಬಗ್ಗೆ ಇರಲಿ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಕ್ಯಾಪ್ಷನ್ನಿಗೆ ಒಂದೇ ಪ್ರಶ್ನೆ. ಮೂರು ಕೇಳಿದರೆ ಯಾವುದಕ್ಕೆ ಉತ್ತರ ಕೊಡುವುದು ಅಂತ ಜನ ಮುಂದೆ ಹೋಗಿಬಿಡುತ್ತಾರೆ. "ಸಂತೋಷ ಎಂದರೇನು?" ಅಂತ ದೊಡ್ಡದನ್ನೂ ಕೇಳಬೇಡಿ, ಚಹಾ ಕುಡಿಯುತ್ತಾ ಯಾರು ಅದಕ್ಕೆ ಉತ್ತರ ಬರೆಯುತ್ತಾರೆ? ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರದವರೆಗೆ ಬರೆಯಬಹುದು, ನಿಜ. ಆದರೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಮಿಕ್ಕದ್ದು ಮಡಚಿಕೊಳ್ಳುತ್ತದೆ. ಉದ್ದ ಬರೆದು ಕೊನೆಗೆ ಕೇಳಿದ ಪ್ರಶ್ನೆ ಎಷ್ಟೋ ಜನರ ಕಣ್ಣಿಗೇ ಬೀಳುವುದಿಲ್ಲ. ಚಿಕ್ಕದಾಗಿ ಬರೆಯಿರಿ, ಪ್ರಶ್ನೆಯ ಕೆಳಗೆ ಹ್ಯಾಶ್‌ಟ್ಯಾಗ್ ರಾಶಿ ಹಾಕಬೇಡಿ.

ಇನ್ನೊಂದು. "ಒಪ್ಪಿದವರು ಯಸ್ ಅನ್ನಿ", "ಐದು ಜನರನ್ನು ಟ್ಯಾಗ್ ಮಾಡಿ" ಅನ್ನುವುದು ಪ್ರಶ್ನೆಯಲ್ಲ, ವಸೂಲಿ. ಇಂಥ ಪೋಸ್ಟ್‌ಗಳನ್ನು ಹಿಂದಕ್ಕೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರಲ್ಲೇ ಹೇಳಿದೆ. ಸಲಹೆ ಕೇಳುವುದಕ್ಕೆ ಅದರ ಅಡ್ಡಿಯಿಲ್ಲ.

ನಾಳೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ ಫೋಟೋ ಹಾಕುತ್ತೀರಿ ಅಂದುಕೊಳ್ಳಿ. "ಬೆಟ್ಟ ಹೇಗೆ ಕಾಣ್ತಿದೆ?" ಬೇಡ. "ನಂದಿ ಹತ್ತಿರ ಬರೋಷ್ಟರಲ್ಲಿ ನನಗೆ ಉಸಿರು ಹೋಗಿತ್ತು. ನೀವು ಮೊದಲ ಸಲ ಹತ್ತಿದಾಗ ಜೊತೆಗೆ ಯಾರಿದ್ರು?" ಅಂತ ಕೇಳಿ. ಹಾಕಿದ ಮೇಲೆ ಮೊಬೈಲ್ ಜೇಬಿಗೆ ಇಟ್ಟುಬಿಡಬೇಡಿ. ಮೊದಲು ಉತ್ತರ ಕೊಟ್ಟವರಿಗೆ ನೀವೂ ಒಂದು ಮಾತು ಬರೆಯಿರಿ, ಅವರು ಇನ್ನೂ ಅಲ್ಲೇ ಇರುತ್ತಾರೆ.

ನಮಸ್ಕಾರ.